ಬೆಟ್ಟ ಹತ್ತುವಾಗ ಬರುವುದು ಏದುಸಿರೋ, ದಮ್ಮೋ?

ಮಧುಗಿರಿಯಿಂದ:
ಹೈಸ್ಕೂಲು ಮಕ್ಕಳ ಪಾಠವೊಂದನ್ನು ತಿದ್ದುತ್ತಿದ್ದೇನೆ. ಓಡುವಾಗ, ಬೆಟ್ಟ ಹತ್ತುವಾಗ ಉಸಿರು ಆಳವಾಗಿ ಬಿರುಸಾಗುವುದನ್ನೆಲ್ಲ ಬರೆದವರು ‘ಏದುಸಿರು’ ಎಂದಿದ್ದಾರೆ. ಇಲ್ಲಿ ಕೋಟೆ ಹತ್ತುವವರು ‘ದಮ್ಮು ಸಾಲಲ್ಲ’ ಅನ್ನುತ್ತಾರೆ. ಎರಡೂ ಒಂದೇನಾ?

ಚಿಂತಾಮಣಿಯಿಂದ:
ಒಂದೇ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತೆ, ಅದಕ್ಕೆ ಉಸಿರು ಏರುತ್ತೆ. ಕೊನೆಗೆ ಶ್ವಾಸಕೋಶ ಸೋಲುತ್ತೆ. ‘ಏದುಸಿರು’ ಇರಲಿ, ದಮ್ಮು ಹೊರಗಿನ ಮಾತು.

ಕೋಲಾರದಿಂದ:
ನಮ್ಮ ತಾಯಿಗೆ ಚಳಿಗಾಲ ಬಂದರೆ ದಮ್ಮು, ಇನ್‌ಹೇಲರ್ ಎಳೆದರೆ ಇಳಿಯುತ್ತೆ. ಬೆಟ್ಟ ಹತ್ತುವವರೂ ಒಂದು ಇಟ್ಟುಕೊಳ್ಳಬಹುದಲ್ಲ?

ತುಮಕೂರಿನಿಂದ:
ಕೋಲಾರದವರು ಹೇಳಿದ್ದು ಉಬ್ಬಸ. ಅಲ್ಲಿ ಗಾಳಿಕೊಳವೆ ಬಿಗಿಯುತ್ತೆ, ಉಸಿರು ಬಿಡುವಾಗ ಸುಯ್ಯೆಂದು ಸಿಳ್ಳೆ ಕೇಳುತ್ತೆ. ಇನ್‌ಹೇಲರ್ ಆ ಬಿಗಿತಕ್ಕೆ, ದಣಿವಿಗಲ್ಲ.

ಚಿಂತಾಮಣಿಯವರ ಮಾತು ಅರ್ಧ ಸರಿ. ಆಮ್ಲಜನಕದ ಖರ್ಚು ಏರುವುದು ನಿಜ. ಆದರೆ ಉಸಿರು ಏರುವುದು ಮೊದಲ ಹೆಜ್ಜೆಯಲ್ಲೇ, ರಕ್ತ ಇನ್ನೂ ಬದಲಾಗುವ ಮೊದಲೇ. ಕಾಲಿಗೆ ‘ನಡಿ’ ಅನ್ನುವ ಮಿದುಳೇ ಉಸಿರಾಟಕ್ಕೂ ಹೇಳಿಬಿಡುತ್ತೆ, ಕಾಲಿನ ನರಗಳೂ ಸುದ್ದಿ ಕಳಿಸುತ್ತವೆ. ಈ ಹಂತದಲ್ಲಿ ಮಾತಾಡುತ್ತಲೇ ಹತ್ತಬಹುದು. ಇದನ್ನು ಏದುಸಿರು ಅನ್ನಬೇಡಿ, ‘ಉಸಿರು ತುಂಬಿ ಬರುತ್ತೆ’ ಅನ್ನಿ. ಬಂಡೆ ಕಡಿದಾದಾಗ ಸ್ನಾಯುವಿನ ಆಮ್ಲ ರಕ್ತಕ್ಕಿಳಿದು ಉಸಿರನ್ನು ಇನ್ನೂ ಅಟ್ಟುತ್ತೆ, ಒಂದು ವಾಕ್ಯ ಮುಗಿಸಲಾಗುವುದಿಲ್ಲ. ಏದುಸಿರು ಅಲ್ಲಿಂದ.

ಬರಿ ಬಿರುಸಾದರೆ ಸಾಲದು, ಆಳವೂ ಬೇಕು. ಪ್ರತಿ ಉಸಿರಿನಲ್ಲಿ ಸುಮಾರು 150 ಮಿಲಿಲೀಟರ್ ಗಾಳಿ ಕೊಳವೆಯಲ್ಲೇ ನಿಂತು ವ್ಯರ್ಥವಾಗುತ್ತೆ. ನಿಮಿಷಕ್ಕೆ 30 ಲೀಟರ್ ಗಾಳಿ ಎಳೆಯಬೇಕು ಅನ್ನಿ. ಅರ್ಧ ಲೀಟರಿನಂತೆ 60 ಸಲ ಎಳೆದರೆ 9 ಲೀಟರ್ ದಂಡ. ಎರಡು ಲೀಟರಿನಂತೆ 15 ಸಲ ಎಳೆದರೆ ಎರಡೂಕಾಲು ಲೀಟರ್ ಮಾತ್ರ.

ಇನ್ನು ಸೋಲುವುದು ಯಾವುದು? ಆರೋಗ್ಯವಂತರು ಪೂರ್ತಿ ದಣಿದಾಗಲೂ ಶ್ವಾಸಕೋಶಕ್ಕೆ ಇನ್ನಷ್ಟು ಗಾಳಿ ಎಳೆಯುವ ಶಕ್ತಿ ಉಳಿದಿರುತ್ತೆ, ಅಲ್ಲಿಂದ ಹೊರಡುವ ರಕ್ತದಲ್ಲಿ ಆಮ್ಲಜನಕ ಹೆಚ್ಚುಕಡಿಮೆ ತುಂಬಿಯೇ ಇರುತ್ತೆ. ಕೈಕೊಡುವುದು ಸಾಗಣೆ. ಕೂತಾಗ ನಿಮಿಷಕ್ಕೆ 5 ಲೀಟರ್ ರಕ್ತ ದೂಡುವ ಹೃದಯ, ಸಾಮಾನ್ಯ ಯುವಕರಲ್ಲಿ ಸುಮಾರು 20 ಲೀಟರಿಗೆ ನಿಲ್ಲುತ್ತೆ. ಹಾಗಾಗಿ ‘ದಮ್ಮು ಸಾಲಲ್ಲ’ ಅನ್ನುವವರಿಗೆ ಬಹಳ ಸಲ ಸಾಲದಿರುವುದು ರಕ್ತದ ಓಟ!

ಚಿಂತಾಮಣಿಯಿಂದ:
ದೊಡ್ಡ ಓಟಗಾರರಲ್ಲಿ ಆಮ್ಲಜನಕ ಇಳಿಯುತ್ತಲ್ಲ?

ತುಮಕೂರಿನಿಂದ:
ಕೆಲವರಲ್ಲಿ ಇಳಿಯುತ್ತೆ. ಅವರ ಹೃದಯ ಎಷ್ಟು ಜೋರು ಅಂದರೆ, ಶ್ವಾಸಕೋಶದಲ್ಲಿ ರಕ್ತಕ್ಕೆ ನಿಲ್ಲಲು ಪುರುಸೊತ್ತಿಲ್ಲ. ಅಷ್ಟರ ಮಟ್ಟಿಗೆ ನೀವು ಸರಿ.

ಮಧುಗಿರಿಯಿಂದ:
ಹಾಗಾದರೆ ಏದುಸಿರನ್ನು ಕಡಿದಾದ ಜಾಗಕ್ಕೆ ಮಾತ್ರ ಉಳಿಸುತ್ತೇನೆ. ಮೊದಲ ಹಂತಕ್ಕೆ ಒಂದೇ ಪದ ಸಿಕ್ಕರೆ ಚೆನ್ನಾಗಿತ್ತು. ‘ನಿಟ್ಟುಸಿರು’ ಅಂದರೆ ಮೂಲದಲ್ಲಿ ನೀಳವಾದ ಉಸಿರೇ, ಆದರೆ ಈಗ ಅದನ್ನು ಬರೆದರೆ ಮಕ್ಕಳು ಯಾಕೆ ದುಃಖ ಅನ್ನುತ್ತಾರೆ.

ಕೋಲಾರದಿಂದ:
‘ತುಂಬುಸಿರು’ ಆಗದೇ?

ಚಿಂತಾಮಣಿಯಿಂದ:
ಅದರಲ್ಲಿ ಆಳ ಬಂತು, ಬಿರುಸು ಬರಲಿಲ್ಲ.