ಕಸ್ಟಮರ್ ಉತ್ತರಕ್ಕೆ ಕಾಯುವ ಟಿಕೆಟ್‌ಗಳನ್ನು ಎಲ್ಲಿಡೋದು?

ಪ್ರಶ್ನೆ (ಸಪೋರ್ಟ್ ಇಂಜಿನಿಯರ್, ಮೈಸೂರು): ನಮ್ಮದು ಬಿಲ್ಲಿಂಗ್ ಸಾಫ್ಟ್‌ವೇರ್ ಸಪೋರ್ಟ್. ಟಿಕೆಟ್‌ಗಳು ಜಿರಾದಲ್ಲಿ ಬರುತ್ತವೆ. ಬೆಳಿಗ್ಗೆ ಲಿಸ್ಟ್ ತೆಗೆದರೆ ಅರ್ಧಕ್ಕಿಂತ ಜಾಸ್ತಿ ಕಸ್ಟಮರ್ ಉತ್ತರಕ್ಕೆ ಕಾಯ್ತಿರೋವೇ. ದಿನಾ ಅದನ್ನೇ ತೆಗೆದು, ಓದಿ, ಮುಚ್ಚೋದಾಗಿದೆ. ಲಿಸ್ಟ್‌ನಿಂದ ತೆಗೆದರೆ ಮರೆತೇ ಹೋಗುತ್ತೆ ಅನ್ನೋ ಭಯ. ನೀವೆಲ್ಲ ಹೇಗೆ ನಿಭಾಯಿಸ್ತೀರಿ?

ಟೆಸ್ಟಿಂಗ್‌ನಲ್ಲಿರುವವರು: ಸುಲಭ. ನಾನು ಟು-ಡೂ ಆ್ಯಪ್‌ನಲ್ಲಿ ಅಂಥ ಕೆಲಸದ ದಿನಾಂಕವನ್ನು ಮೂರು ದಿನ ಮುಂದಕ್ಕೆ ಹಾಕಿಬಿಡುತ್ತೇನೆ. ಕಣ್ಣಿಂದ ಮರೆಯಾಗುತ್ತೆ, ಆ ದಿನ ತಾನಾಗೇ ಬರುತ್ತೆ. ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಸಪೋರ್ಟ್ ಟೀಮ್ ಲೀಡ್, ಬೆಂಗಳೂರು: ದಿನಾಂಕ ಹಾಕಬೇಕು ಅನ್ನೋದು ಸರಿ ಸರ್. ಆದರೆ ಕಸ್ಟಮರ್ ಇವತ್ತು ಸಂಜೆಯೇ ಉತ್ತರ ಕಳಿಸಿದರೆ ನಿಮ್ಮ ಆ್ಯಪ್‌ಗೆ ಅದು ಗೊತ್ತಾಗೋದಿಲ್ಲ. ಅವರು ಲಾಗ್ ಫೈಲ್ ಕಳಿಸಿ ಕೂತಿರುತ್ತಾರೆ, ನೀವು ಮೂರು ದಿನ ಬಿಟ್ಟು ನೋಡುತ್ತೀರಿ. ಹಾಗಾಗಿ ಕಾಯುವ ಟಿಕೆಟ್ ಎರಡು ಕಾರಣಕ್ಕೆ ಎದ್ದು ಬರಬೇಕು. ಉತ್ತರ ಬಂದರೆ ತಕ್ಷಣ, ಬರದಿದ್ದರೆ ನಾವು ಗುರುತು ಹಾಕಿದ ದಿನ. ಇವೆರಡೂ ಗಟ್ಟಿ ಇದ್ದರೆ ನಡುವಿನ ದಿನಗಳಲ್ಲಿ ಅದು ಲಿಸ್ಟ್‌ನಲ್ಲಿ ಕಾಣಬೇಕಾಗಿಲ್ಲ.

ಉತ್ತರ ಬಂದಾಗ ಎಬ್ಬಿಸುವ ಕೆಲಸ ಜಿರಾದ್ದು. ಕಸ್ಟಮರ್ ಕಾಮೆಂಟ್ ಹಾಕಿದರೆ "ವೇಟಿಂಗ್ ಫಾರ್ ಕಸ್ಟಮರ್" ಹೋಗಿ "ವೇಟಿಂಗ್ ಫಾರ್ ಸಪೋರ್ಟ್" ಆಗುವಂತೆ ಆಟೊಮೇಷನ್ ರೂಲ್ ಇಡಬಹುದು. ನಿಮ್ಮ ಪ್ರಾಜೆಕ್ಟ್‌ನಲ್ಲಿ ಅದು ಆನ್ ಇದೆಯಾ ಅಂತ ಅಡ್ಮಿನ್ ಹತ್ತಿರ ಮೊದಲು ಕೇಳಿ. ಒಂದು ಟೆಸ್ಟ್ ಟಿಕೆಟ್ ಮಾಡಿ, ಕಸ್ಟಮರ್ ಲಾಗಿನ್‌ನಿಂದ ಕಾಮೆಂಟ್ ಹಾಕಿ, ಸ್ಟೇಟಸ್ ಬದಲಾಗೋದನ್ನು ಕಣ್ಣಾರೆ ನೋಡಿ. ಅದು ಖಾತ್ರಿ ಆಗೋವರೆಗೆ ಯಾವುದನ್ನೂ ಲಿಸ್ಟ್‌ನಿಂದ ಮರೆಮಾಡಬೇಡಿ.

ದಿನಾಂಕಕ್ಕೆ "ಫಾಲೋ ಅಪ್" ಅಂತ ಒಂದು ಬೇರೆ ಡೇಟ್ ಫೀಲ್ಡ್ ಮಾಡಿಸಿ. ಡ್ಯೂ ಡೇಟ್ ಅನ್ನೇ ಇದಕ್ಕೆ ಬಳಸಿದರೆ ಕಸ್ಟಮರ್‌ಗೆ ಕೊಟ್ಟ ಮಾತಿನ ದಿನ ಯಾವುದು, ನೀವು ನೆನಪಿಸಬೇಕಾದ ದಿನ ಯಾವುದು ಅಂತ ಕಲಸುಮೇಲೋಗರ ಆಗುತ್ತೆ. ಆಮೇಲೆ ಬೆಳಿಗ್ಗೆ ತೆಗೆಯುವ ಫಿಲ್ಟರ್ ಹೀಗಿರಲಿ:

```
assignee = currentUser() AND resolution = Unresolved
AND (status != "Waiting for customer"
     OR "Follow up" <= endOfDay()
     OR "Follow up" IS EMPTY)
ORDER BY priority DESC
```

ಕೊನೆಯ `IS EMPTY` ಸಾಲನ್ನು ಬಿಡಬೇಡಿ. ಅವಸರದಲ್ಲಿ ಸ್ಟೇಟಸ್ ಬದಲಾಯಿಸಿ ದಿನಾಂಕ ಹಾಕೋದು ಮರೆತ ಟಿಕೆಟ್ ಆ ಸಾಲಿಲ್ಲದಿದ್ದರೆ ಯಾವತ್ತೂ ಕಾಣೋದಿಲ್ಲ. ನಿಮ್ಮ ಭಯ ನಿಜ ಆಗೋದು ಅಲ್ಲೇ.

ಪ್ರಶ್ನೆ ಕೇಳಿದವರು: ರೂಲ್ ಆನ್ ಇದೆ ಮೇಡಂ, ಈಗಷ್ಟೇ ನೋಡಿದೆ. ಇನ್ನೊಂದು ರೂಲ್ ಕೂಡ ಇದೆ. ನಾವು ಕಾಮೆಂಟ್ ಹಾಕಿದ ಕೂಡಲೇ ತಾನಾಗೇ "ವೇಟಿಂಗ್ ಫಾರ್ ಕಸ್ಟಮರ್"ಗೆ ಹೋಗುತ್ತೆ. ಅದು ಒಳ್ಳೆಯದೇ ಅಲ್ವಾ?

ಸಪೋರ್ಟ್ ಟೀಮ್ ಲೀಡ್: ಅಲ್ಲೇ ಎಡವೋದು. "ನೋಡ್ತಾ ಇದ್ದೀವಿ, ನಾಳೆ ತಿಳಿಸ್ತೀವಿ" ಅಂತ ನೀವು ಬರೆದರೂ ಆ ರೂಲ್ ಟಿಕೆಟ್ಟನ್ನು ಕಸ್ಟಮರ್ ಕಡೆಗೆ ತಳ್ಳುತ್ತೆ. ಕೆಲಸ ಬಾಕಿ ಇರೋದು ನಿಮ್ಮ ಹತ್ತಿರ. ಅವರಿಗೆ ಉತ್ತರಿಸಲು ಏನೂ ಇಲ್ಲ, ಉತ್ತರಿಸೋದೂ ಇಲ್ಲ. ಅಂಥ ಸ್ಟೇಟಸ್‌ನಲ್ಲಿ ಸಾಮಾನ್ಯವಾಗಿ ನಮ್ಮ ಗಡುವು ಎಣಿಸುವ ಎಸ್‌ಎಲ್‌ಎ ಗಡಿಯಾರವೂ ನಿಲ್ಲುವ ಹಾಗೆ ಇಟ್ಟಿರುತ್ತಾರೆ, ಆದ್ದರಿಂದ ಕೆಂಪು ಬಣ್ಣವೂ ಬರೋದಿಲ್ಲ. ನಮ್ಮಲ್ಲಿ ಆ ರೂಲ್ ತೆಗೆಸಿದ್ದೇವೆ, ಸ್ಟೇಟಸ್ ಕೈಯಲ್ಲೇ ಬದಲಾಯಿಸುತ್ತೇವೆ. ನಾನು ಹೊಸಬರಿಗೆ ಹೇಳೋದು ಇಷ್ಟೇ: ನಿಮ್ಮ ಕೊನೆಯ ಕಾಮೆಂಟ್‌ನಲ್ಲಿ ಕಸ್ಟಮರ್‌ಗೆ ಒಂದು ಪ್ರಶ್ನೆ ಇಲ್ಲದಿದ್ದರೆ ಅದು ಕಾಯುವ ಟಿಕೆಟ್ ಅಲ್ಲ.

ಡೆವಲಪರ್ ಉತ್ತರಕ್ಕೆ ಕಾಯೋದನ್ನೂ ಇದೇ ಸ್ಟೇಟಸ್‌ಗೆ ತುರುಕಬೇಡಿ. ಒಳಗಿನವರ ತಡಕ್ಕೆ ಕಸ್ಟಮರ್ ಹೆಸರಲ್ಲಿ ಗಡಿಯಾರ ನಿಲ್ಲಿಸಿದ ಹಾಗಾಗುತ್ತೆ. ಜೆಂಡೆಸ್ಕ್‌ನಲ್ಲಿ ಇದಕ್ಕೇ ಪೆಂಡಿಂಗ್ ಬೇರೆ, ಆನ್-ಹೋಲ್ಡ್ ಬೇರೆ ಇದೆ.

ಟ್ಯಾಕ್ಸ್ ಕನ್ಸಲ್ಟೆಂಟ್, ದಾವಣಗೆರೆ: ನಮಗೆ ಜಿರಾ ಎಲ್ಲ ಇಲ್ಲಮ್ಮ. ಸಂಬಳದವರ ರಿಟರ್ನ್‌ಗೆ ಸಾಮಾನ್ಯವಾಗಿ ಜುಲೈ 31 ಕೊನೆ. ಅಷ್ಟರೊಳಗೆ ಜನ ಫಾರ್ಮ್ 16 ವಾಟ್ಸಾಪ್‌ನಲ್ಲಿ ಕಳಿಸ್ತಾರೆ, ಬ್ಯಾಂಕ್ ಬಡ್ಡಿ ಸರ್ಟಿಫಿಕೇಟ್ ಮಾತ್ರ ಕಳಿಸಲ್ಲ. ಕೇಳಿದರೆ "ಕಳಿಸಿದೆನಲ್ಲ ಸಾರ್" ಅಂತಾರೆ. ಇವರನ್ನು ಯಾವ ಸ್ಟೇಟಸ್‌ಗೆ ಹಾಕೋದು ಹೇಳಿ! ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ಅವರ ವರ್ಷದ ಆದಾಯದ ವಿವರ ಇರೋ ಎಐಎಸ್ ತೆಗೆದು ಬಡ್ಡಿ ನೋಡ್ತೀನಿ, ಅದೂ ಪೂರ್ತಿ ಇರುತ್ತೆ ಅಂತ ನಂಬೋಕಾಗಲ್ಲ.

ಸಪೋರ್ಟ್ ಟೀಮ್ ಲೀಡ್: ನಿಮ್ಮದು ಅರ್ಧ ಉತ್ತರದ ಕಾಟ ಸರ್, ನಮ್ಮಲ್ಲೂ ಇದೆ. ಅರ್ಧ ಬಂದಾಗ ಟಿಕೆಟ್ ಏಳಲಿ, ತಪ್ಪಿಲ್ಲ. ಬಂದದ್ದನ್ನು ಗುರುತು ಮಾಡಿ, ಬಾಕಿ ಇರುವ ಒಂದನ್ನೇ ಹೆಸರಿಟ್ಟು ಮತ್ತೆ ಕೇಳಿ, ಹೊಸ ದಿನಾಂಕ ಹಾಕಿ ಮಲಗಿಸಿ. ವಾಟ್ಸಾಪ್‌ಗೆ ಯಾವ ರೂಲೂ ಕೆಲಸ ಮಾಡೋದಿಲ್ಲ. ಅಲ್ಲಿ ಮೆಸೇಜ್ ನೋಡಿದ ಕೈಯಲ್ಲೇ ಪುಸ್ತಕದಲ್ಲಿ ಬರೆದುಕೊಳ್ಳೋದು ಒಂದೇ ದಾರಿ.

ಮೈಸೂರಿನವರಿಗೂ ಇದು ಅನ್ವಯ. ಕಸ್ಟಮರ್ ಫೋನ್‌ನಲ್ಲಿ ಉತ್ತರ ಹೇಳಿದರೆ, ಅಥವಾ ಹಳೆಯ ಮೇಲ್‌ಗೆ ರಿಪ್ಲೈ ಮಾಡದೆ ಹೊಸ ಮೇಲ್ ಬರೆದರೆ, ಹಳೆಯ ಟಿಕೆಟ್ ನಿದ್ದೆ ಮಾಡ್ತಾನೇ ಇರುತ್ತೆ. ಅವರ ಹೆಸರಲ್ಲಿ ಹೊಸ ಟಿಕೆಟ್ ಬಂದಾಗ ಹಳೆಯದು ಕಾಯ್ತಿದೆಯಾ ಅಂತ ಒಮ್ಮೆ ಹುಡುಕಿ.

ಪ್ರಶ್ನೆ ಕೇಳಿದವರು: ಮೇಡಂ, ಒಂದು ಉದಾಹರಣೆ ಕೊಡ್ತೀರಾ? ಎಷ್ಟು ಸಲ ನೆನಪಿಸಿ, ಯಾವಾಗ ಕ್ಲೋಸ್ ಮಾಡ್ತೀರಿ?

ಸಪೋರ್ಟ್ ಟೀಮ್ ಲೀಡ್: ಇನ್‌ವಾಯ್ಸ್ ಪ್ರಿಂಟ್‌ನಲ್ಲಿ ಜಿಎಸ್‌ಟಿ ನಂಬರ್ ಬರ್ತಿಲ್ಲ ಅಂತ ದೂರು ಬಂತು ಅಂದುಕೊಳ್ಳಿ. ಮಂಗಳವಾರ ನಾನು ಹೀಗೆ ಬರೆಯುತ್ತೇನೆ: "ಎರಡು ವಿಷಯ ಬೇಕು. ಸಾಫ್ಟ್‌ವೇರ್ ವರ್ಷನ್ ಎಷ್ಟು? ತೊಂದರೆ ಎಲ್ಲ ಇನ್‌ವಾಯ್ಸ್‌ಗೂ ಇದೆಯಾ, ಹೊಸದಕ್ಕೆ ಮಾತ್ರವಾ?" "ಹೆಚ್ಚಿನ ಮಾಹಿತಿ ಕೊಡಿ" ಅಂತ ಬರೆದರೆ ಉತ್ತರ ಬರೋದಿಲ್ಲ, ಏನು ಕೊಡಬೇಕು ಅಂತ ಅವರಿಗೆ ಗೊತ್ತಿರೋದಿಲ್ಲ. ಫಾಲೋ ಅಪ್ ಶುಕ್ರವಾರಕ್ಕೆ.

ಶುಕ್ರವಾರ ಲಿಸ್ಟ್‌ನಲ್ಲಿ ಕಂಡರೆ ಅದೇ ಎರಡು ಪ್ರಶ್ನೆಯನ್ನು ಮತ್ತೆ ಪೂರ್ತಿ ಬರೆದು ಕಳಿಸುತ್ತೇನೆ. "ಮೇಲಿನ ಮೇಲ್ ನೋಡಿ" ಅನ್ನೋದಿಲ್ಲ. ಫಾಲೋ ಅಪ್ ಮುಂದಿನ ಬುಧವಾರಕ್ಕೆ. ಆಗಲೂ ಸುದ್ದಿ ಇಲ್ಲದಿದ್ದರೆ ಒಂದು ಫೋನ್. ಎತ್ತದಿದ್ದರೆ "ಸೋಮವಾರ ಈ ಟಿಕೆಟ್ ಮುಚ್ಚುತ್ತೇವೆ, ನೀವು ಉತ್ತರಿಸಿದರೆ ಮತ್ತೆ ತೆರೆಯುತ್ತೆ" ಅಂತ ಬರೆದು ಸೋಮವಾರ ಮುಚ್ಚುತ್ತೇನೆ. ಮತ್ತೆ ತೆರೆಯೋದು ನಿಜವಾಗಿ ಆಗುತ್ತಾ ಅಂತ ಅದನ್ನೂ ಟೆಸ್ಟ್ ಟಿಕೆಟ್‌ನಲ್ಲೇ ನೋಡಿಕೊಳ್ಳಿ.

ಅಂಗಡಿಯ ಬಿಲ್ಲಿಂಗ್ ಪೂರ್ತಿ ನಿಂತಿದ್ದರೆ ಈ ಲೆಕ್ಕ ನಡೆಯೋದಿಲ್ಲ. ಆಗ ಅದೇ ದಿನ ಫೋನ್.

ಟೆಸ್ಟಿಂಗ್‌ನಲ್ಲಿರುವವರು: ಉತ್ತರಕ್ಕೆಲ್ಲ ಟಿಕೆಟ್ ಎದ್ದರೆ "ಥ್ಯಾಂಕ್ಯೂ" ಅಂತ ಬಂದರೂ ಏಳುತ್ತಲ್ಲ? ರಜೆಯ ಆಟೊ ರಿಪ್ಲೈಗೂ?

ಸಪೋರ್ಟ್ ಟೀಮ್ ಲೀಡ್: ಏಳುತ್ತೆ. ಆಟೊ ರಿಪ್ಲೈಗಳನ್ನು ಮೇಲ್ ಸೆಟ್ಟಿಂಗ್‌ನಲ್ಲಿ ಸುಮಾರು ತಡೆಯಬಹುದು, ಎಲ್ಲವೂ ಸಿಗೋದಿಲ್ಲ. "ಥ್ಯಾಂಕ್ಯೂ" ಪದ ನೋಡಿ ಬಿಡುವ ರೂಲ್ ನಾನು ಹಾಕಿಸಿಲ್ಲ. "ಥ್ಯಾಂಕ್ಯೂ, ಆದರೆ ಇನ್ನೂ ಬರ್ತಿಲ್ಲ" ಅಂತ ಬರೆಯೋರೇ ಜಾಸ್ತಿ.

ಇನ್ನೊಬ್ಬ ಸದಸ್ಯರು, ಹುಬ್ಬಳ್ಳಿ: ನಾ ಒಪ್ಪಂಗಿಲ್ರಿ ಮೇಡಂ, ಆ ಕ್ಲೋಸ್ ಮಾಡೋ ವಿಚಾರ. ನಮ್ಮ ಕಸ್ಟಮರ್ ಸಣ್ಣ ಅಂಗಡಿಯವ್ರು, ಹಬ್ಬದ ಸೀಸನ್‌ನ್ಯಾಗ ಎರಡು ವಾರ ಮೇಲ್ ನೋಡಂಗಿಲ್ಲ. ಮುಚ್ಚಿದ್ರ ಸಿಟ್ಟಾಗ್ತಾರ.

ಸಪೋರ್ಟ್ ಟೀಮ್ ಲೀಡ್: ನಿಮ್ಮ ಕಸ್ಟಮರ್‌ಗೆ ಅದು ಸರಿ ಇರಬಹುದು ಸರ್. ಹಾಗಿದ್ದರೆ ಫಾಲೋ ಅಪ್ಪನ್ನು ಹಬ್ಬ ಮುಗಿದ ದಿನಕ್ಕೆ ಹಾಕಿ, ಮುಚ್ಚಬೇಡಿ. ಲಿಸ್ಟ್‌ಗೆ ಅದರಿಂದ ಭಾರ ಆಗೋದಿಲ್ಲ. ತಿಂಗಳ ರಿಪೋರ್ಟ್‌ನಲ್ಲಿ ಮ್ಯಾನೇಜರ್ "ಇಷ್ಟೊಂದು ಪೆಂಡಿಂಗ್ ಯಾಕೆ" ಅಂದರೆ ಏನು ಹೇಳ್ತೀರಿ ಅನ್ನೋದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ.