ಸೆರಗಿನ ಜರಿ ಕಪ್ಪಾಗಿದೆ, ಚಮಕಿ ಬ್ಲೌಸಿಗೂ ಕಲೆ: ಅನುಭವ ಇದ್ದವರು ಹೇಳಿ

ಕೇಳಿದವರು, ದಾವಣಗೆರೆ: ಅಮ್ಮನ ಮದುವೆಯ ಮೊಳಕಾಲ್ಮೂರು ಸೀರೆ. ಸೆರಗಿನಲ್ಲಿ ಅಲ್ಲಲ್ಲಿ ಜರಿ ಮಂಕಾಗಿದೆ, ಮಡಿಕೆ ಬಿದ್ದ ಕಡೆ ಪೂರ್ತಿ ಕಪ್ಪು. ಜೊತೆಗಿನ ಬ್ಲೌಸಿಗೆ ಆರಿ ವರ್ಕ್, ಚಮಕಿ ಇದೆ. ಕಂಕುಳ ಹತ್ತಿರ ಹಸಿರು ಕಲೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಉಡಬೇಕು. ಮನೆಯಲ್ಲೇ ಏನಾದರೂ ಮಾಡಬಹುದಾ?

ಹರಿಹರದಿಂದ: ಹುಣಸೆಹಣ್ಣಿನ ನೀರಲ್ಲಿ ಹತ್ತಿ ಅದ್ದಿ ಒರೆಸಿ. ದೇವರ ದೀಪ ಬೆಳಗಿದ ಹಾಗೆ ಹೊಳೆಯುತ್ತೆ. ಬೀರುವಿನಲ್ಲಿ ನುಸಿಗುಳಿಗೆ ಇಟ್ಟಿದ್ದರೆ ಮೊದಲು ತೆಗೆದುಬಿಡಿ. ಜರಿಗೆ ಅದು ಆಗಿಬರಲ್ಲ.

ಮೊಳಕಾಲ್ಮೂರಿಂದ, ನೇಯುವ ಮನೆಯವರು: ನುಸಿಗುಳಿಗೆ ತೆಗೆಯಿರಿ ಅಂದಿದ್ದು ಸರಿ. ಹುಣಸೆಹಣ್ಣು ಮಾತ್ರ ಬೇಡಕ್ಕ. ದೀಪ ಗಟ್ಟಿ ಹಿತ್ತಾಳೆ, ಉಜ್ಜಿದರೂ ತಡೆಯುತ್ತೆ. ಜರಿ ಅಂದರೆ ನೂಲಿನ ಮೇಲೆ ಸುತ್ತಿದ ತೆಳ್ಳನೆ ಲೋಹದ ಪಟ್ಟಿ, ಅದರ ಮೇಲೆ ಇನ್ನೂ ತೆಳುವಾದ ಚಿನ್ನದ ಲೇಪ. ಹುಳಿ ನೀರು ಪಟ್ಟಿಯ ಸಂದಿಯಿಂದ ಒಳಗಿನ ನೂಲಿಗೆ ಇಳಿಯುತ್ತೆ. ಪೂರ್ತಿ ತೊಳೆದು ತೆಗೆಯೋಕೆ ಆಗಲ್ಲ. ಇವತ್ತು ಹೊಳೆದದ್ದು ಸ್ವಲ್ಪ ದಿನಕ್ಕೆ ಮೊದಲಿಗಿಂತ ಕಪ್ಪಾಗುತ್ತೆ. ನೂಲಿನ ಬಣ್ಣ ಬಿಟ್ಟು ರೇಷ್ಮೆಗೆ ಹತ್ತಲೂಬಹುದು.

ಮೊದಲು ನಿಮ್ಮದು ಯಾವ ಜರಿ ಅಂತ ನೋಡಿಕೊಳ್ಳಿ. ಸೆರಗಿನ ತುದಿಯ ಕುಚ್ಚಿನಲ್ಲಿ ಸಡಿಲವಾಗಿರೋ ಒಂದೇ ಎಳೆ ಕತ್ತರಿಸಿ, ಉಗುರಿನಿಂದ ಗೀರಿ ನೋಡಿ. ಬಂಗಾರದ ಬಣ್ಣದ ಕೆಳಗೆ ಬಿಳಿ ಕಂಡರೆ ಬೆಳ್ಳಿ. ಕೆಂಪು ಕಂಡರೆ ತಾಮ್ರದ ಮೇಲೆ ಮಾಡಿದ ಟೆಸ್ಟೆಡ್ ಜರಿ. ಎರಡೂ ಅಲ್ಲದೆ, ಬೆಂಕಿ ತಾಗಿಸಿದಾಗ ಮುದುಡಿ ಗಂಟಾದರೆ ಪ್ಲಾಸ್ಟಿಕ್.

ಚಿತ್ರದುರ್ಗದಿಂದ: ನಮ್ಮ ಬೀದಿಯಲ್ಲಿ ಹಳೆ ಜರಿ ಸೀರೆ ಕೊಳ್ಳೋರು ಬರ್ತಾರೆ. ಬೆಳ್ಳಿ ಇದ್ದರೆ ಒಳ್ಳೆ ದುಡ್ಡು ಕೊಡ್ತಾರೆ. ಮಾರೋದಾದರೆ ತೂಕ ಮಾಡಿಸಿಯೇ ಕೊಡಿ.

ಕೇಳಿದವರು: ಮಾರೋದಿಲ್ಲ, ಅಮ್ಮನ ಸೀರೆ ಅಲ್ವಾ! ಎಳೆ ಗೀರಿ ನೋಡಿದೆ, ಕೆಳಗೆ ಬಿಳಿ ಇದೆ. ಬ್ಲೌಸಿನ ಸ್ಪ್ರಿಂಗ್ ಥರದ ದಾರದಲ್ಲಿ ಮಾತ್ರ ಕೆಂಪು.

ಮೊಳಕಾಲ್ಮೂರಿಂದ: ಹಾಗಾದರೆ ಸೀರೆಗೆ ಆಸೆ ಇದೆ. ಬೆಳ್ಳಿ ಕಪ್ಪಾಗೋದು ಗಾಳಿಯಲ್ಲಿರೋ ಗಂಧಕದಿಂದ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಹತ್ತಿರ ಇದ್ದರೆ ಬೇಗ ಕಪ್ಪಾಗುತ್ತೆ. ನೆರಳಲ್ಲಿ, ಫ್ಯಾನ್ ಕೆಳಗೆ ಸೆರಗನ್ನು ಮೇಜಿನ ಮೇಲೆ ಹಾಸಿ. ಮೆತ್ತನೆ ಬ್ರಶ್‌ನಿಂದ ಧೂಳು ತೆಗೆಯಿರಿ. ಆಮೇಲೆ ಹಳೆ ಬಿಳಿ ಪಂಚೆಯ ತುಂಡು, ಗಂಜಿ ಹಾಕದ್ದು, ಒಣಗಿದ್ದು, ಬೆರಳಿಗೆ ಸುತ್ತಿಕೊಂಡು ಜರಿ ಎಳೆ ಹೋದ ದಿಕ್ಕಿನಲ್ಲೇ ಹಗುರವಾಗಿ ಒರೆಸಿ. ಅಡ್ಡ ಉಜ್ಜಿದರೆ ಎಳೆ ಎದ್ದು ಬರುತ್ತೆ. ಬಟ್ಟೆಗೆ ಬೂದು ಬಣ್ಣ ಹತ್ತುತ್ತಿದ್ದರೆ ಕಪ್ಪು ಬಿಡ್ತಾ ಇದೆ ಅಂತ. ಜರಿ ಹಳದಿ ಹೋಗಿ ಬೆಳ್ಳಗೆ ಕಾಣೋಕೆ ಶುರುವಾದರೆ ಅಲ್ಲೇ ನಿಲ್ಲಿಸಿ, ಚಿನ್ನದ ಲೇಪ ಸವೀತಾ ಇದೆ. ಮಡಿಕೆ ಗೆರೆಯಲ್ಲಿ ಲೇಪ ಆಗಲೇ ಹೋಗಿರಬಹುದು, ಅದು ವಾಪಸ್ ಬರಲ್ಲ.

ಬ್ಲೌಸಿನ ಹಸಿರು, ಬೆವರು ತಾಗಿ ತಾಮ್ರ ಕಿಲುಬು ಹಿಡಿದದ್ದು. ಅದು ಒರೆಸಿದರೆ ಹೋಗಲ್ಲ. ಜಾಸ್ತಿ ಕೆಟ್ಟಿದ್ದರೆ ಆ ಜಾಗದ ದಾರ ಬಿಚ್ಚಿ ಹೊಸದು ಹೊಲಿಸೋದೇ ದಾರಿ.

ದಾವಣಗೆರೆ, ಪಿ.ಜೆ. ಬಡಾವಣೆಯಿಂದ: ಬ್ಲೌಸನ್ನು ಯೋಚನೆ ಮಾಡದೆ ಡ್ರೈಕ್ಲೀನಿಂಗ್‌ಗೆ ಹಾಕಬೇಡಿ. ನನ್ನ ಮಗಳ ಲಂಗದ ಚಮಕಿ ಒಂದು ಅಂಗಡಿಯಿಂದ ಬಂದಾಗ ಬಣ್ಣ ಬಿಟ್ಟು ಗಾಜಿನ ಚೂರಿನ ಥರ ಆಗಿತ್ತು.

ಮೊಳಕಾಲ್ಮೂರಿಂದ: ಕೆಲವು ಚಮಕಿ ಆ ದ್ರಾವಣ ತಡೆಯುತ್ತೆ, ಕೆಲವು ತಡೆಯಲ್ಲ. ನೋಡಿದರೆ ಗೊತ್ತಾಗಲ್ಲ. ಒಳಮಡಿಕೆಯ ಒಂದು ಚಮಕಿ ಬಿಡಿಸಿ ಕೊಟ್ಟು, ಪರೀಕ್ಷೆ ಮಾಡಿ ಆಮೇಲೆ ಹಾಕಿ ಅನ್ನಿ. ಮನೆಯಲ್ಲಾದರೆ ಬ್ಲೌಸ್ ಒಳಮಗ್ಗುಲು ಮಾಡಿ, ಲೈನಿಂಗ್ ಮಾತ್ರ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒತ್ತಿ. ಕಸೂತಿಗೆ ತೇವ ಹೋಗದ ಹಾಗೆ ನಡುವೆ ಟವೆಲ್ ಇಡಿ. ಇಸ್ತ್ರಿ ಬೇಡ, ಪ್ಲಾಸ್ಟಿಕ್ ಚಮಕಿ ಬಿಸಿಗೆ ಸುರುಟಿಕೊಳ್ಳುತ್ತೆ.

ಹರಿಹರದಿಂದ: ಸೀರೆಗೆ ರೋಲ್ ಪಾಲಿಶ್ ಮಾಡಿಸಿದರೆ? ನಮ್ಮನೆಯ ಎಲ್ಲ ಸೀರೆಗೂ ಮಾಡಿಸ್ತೀವಿ, ಏನೂ ಆಗಿಲ್ಲ.

ಮೊಳಕಾಲ್ಮೂರಿಂದ: ಹೊಸ ಸೀರೆಗೆ ಸರಿ ಇರಬಹುದು. ಇಷ್ಟು ಹಳೆಯ ಮಡಿಕೆಗೆ ಬಿಸಿ, ಒತ್ತಡ ಎರಡೂ ಬೀಳುತ್ತೆ. ನಾನು ಕೊಡಲ್ಲ.

ಹರಿಹರದಿಂದ: ಪಾಲಿಶ್ ಮಾಡೋರು ಕೈ ಹದ ನೋಡಿಯೇ ಮಾಡ್ತಾರೆ. ನಿಮ್ಮ ಮಾತು ಪೂರ್ತಿ ಒಪ್ಪಲ್ಲ.

ಕೇಳಿದವರು: ಒರೆಸಿದೆ. ಮಂಕಾಗಿದ್ದ ಕಡೆ ಬಂಗಾರದ ಬಣ್ಣ ಮತ್ತೆ ಕಂಡಿತು, ಪಂಚೆ ತುಂಡೆಲ್ಲ ಬೂದಾಯ್ತು. ಮಡಿಕೆ ಗೆರೆ ಹಾಗೇ ಉಳಿದಿದೆ. ಇನ್ನು ಹೇಗಿಡಲಿ?

ಮೊಳಕಾಲ್ಮೂರಿಂದ: ಅದೇ ಗೆರೆಯಲ್ಲಿ ಮತ್ತೆ ಮಡಿಸಬೇಡಿ, ಪಟ್ಟಿ ತುಂಡಾಗುತ್ತೆ. ಉದ್ದ ಕೊಳವೆಗೆ ಪಂಚೆ ಸುತ್ತಿ, ಅದರ ಮೇಲೆ ಸೀರೆ ಸುತ್ತಿಡಿ. ಉಡೋ ದಿನ ಸೆಂಟ್ ಹೊಡೆಯೋದಿದ್ದರೆ ಉಡೋಕೆ ಮುಂಚೆ ಮೈಗೆ ಹೊಡೆದು, ಒಣಗಿದ ಮೇಲೆ ಉಡಿ.