ಅಡ್ಮಿನ್ ಮಾತ್ರ ಸೇರಿಸಬಹುದು ಅಂತ ಇಟ್ಟರೂ ವಾಟ್ಸಾಪ್ ಗ್ರೂಪಿಗೆ ಗುರುತಿಲ್ಲದವರು ಬರ್ತಾ ಇದ್ದಾರೆ

ನಿಗಡಿಯವ
ಪಿಂಪ್ರಿ-ಚಿಂಚ್‌ವಡ ಕಡೆಯ ಕನ್ನಡಿಗರದ್ದು ನಮ್ಮದೊಂದು ವಾಟ್ಸಾಪ್ ಗ್ರೂಪ್ ಇದೆ. ಸುಮಾರು 340 ಜನ. ರೂಮು ಬಾಡಿಗೆ, ಹುಬ್ಬಳ್ಳಿ ಬಸ್ಸು, ಯಾರಿಗಾದರೂ ರಕ್ತ ಬೇಕು, ಇಂಥವೇ ಮಾತು. ಎರಡು ತಿಂಗಳಿಂದ ಷೇರು ಟಿಪ್ಸ್ ಕೊಡುವವರು ನುಗ್ಗುತ್ತಿದ್ದಾರೆ. ತೆಗೆದು ಹಾಕಿದರೆ ಮರುದಿನ ಇನ್ನಿಬ್ಬರು. "Group permissions" ಒಳಗೆ ಹೋಗಿ "Add other members" ಬಂದ್ ಮಾಡಿ ಹದಿನೈದು ದಿನ ಆಯ್ತು. ಆದರೂ ನಿಂತಿಲ್ಲ. ನಾನು ಅಡ್ಮಿನ್, ಆದರೆ ಗ್ರೂಪ್ ಶುರು ಮಾಡಿದವನಲ್ಲ. ಎಲ್ಲಿ ತಪ್ಪಿದೆ?

ಠಾಣೆ ಎಕ್ಸ್‌ಪ್ರೆಸ್
ಸುಲಭ ಇದೆ. "Send new messages" ಬಂದ್ ಮಾಡಿ. ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯೋಕಾಗಲ್ಲ. ನಮ್ಮ ಸೊಸೈಟಿಯಲ್ಲಿ ಹಾಗೇ ಮಾಡಿದ್ವಿ, ಈಗ ಎಲ್ಲ ಶಾಂತ.

ಡೊಂಬಿವಲಿ ಮಾಸ್ತರ
ಶಾಂತ ಆಗುತ್ತೆ, ನಿಜ. ಆದರೆ ರಕ್ತ ಬೇಕು ಅಂತ ಕೇಳುವವನೂ ಬರೆಯೋಕಾಗಲ್ಲ. ನೀರು ಬರಲ್ಲ, ಲಿಫ್ಟ್ ರಿಪೇರಿ ಅಂತ ತಿಳಿಸುವ ಸೊಸೈಟಿಗೆ ಅದು ಸರಿ, ಇವರ ಗ್ರೂಪಿಗೆ ಅಲ್ಲ.

ಇನ್ನೊಂದು ಮಾತು. ಷೇರು ಟಿಪ್ಸಿನವರು ಗ್ರೂಪಿನಲ್ಲಿ ಬರೆಯೋಕೇ ಬರ್ತಾರೆ ಅಂದುಕೊಳ್ಳಬೇಡಿ. ಒಳಗೆ ಬಂದರೆ 340 ಜನರ ನಂಬರ್ ಕಾಣುತ್ತೆ. ಆಮೇಲೆ ಒಬ್ಬೊಬ್ಬರಿಗೇ ನೇರವಾಗಿ ಮೆಸೇಜು ಹೋಗುತ್ತೆ. ಬಾಯಿ ಮುಚ್ಚಿಸಿದರೆ ಅದು ನಿಲ್ಲಲ್ಲ. ಬಾಗಿಲಲ್ಲೇ ತಡೆಯಬೇಕು.

ನಿಗಡಿಯವರೇ, ಒಂದು ಕೆಲಸ ಮಾಡಿ. ಚಾಟಿನಲ್ಲಿ ಸ್ವಲ್ಪ ಮೇಲೆ ಹೋಗಿ, ಆ ಅಪರಿಚಿತರು ಬಂದ ಜಾಗದಲ್ಲಿ ಮಧ್ಯದಲ್ಲಿ ಬರುವ ಸಣ್ಣ ಸಾಲನ್ನು ಓದಿ. ಯಾರಾದರೂ ಸೇರಿಸಿದ್ದರೆ ಅವರ ಹೆಸರಿನ ಜೊತೆ "added" ಅಂತ ಇರುತ್ತೆ. ಲಿಂಕ್ ಒತ್ತಿ ಬಂದಿದ್ದರೆ "joined" ಮತ್ತು "invite link" ಅಂತ ಇರುತ್ತೆ. ಯಾವುದು ಅಂತ ಹೇಳಿ, ಆಮೇಲೆ ಮುಂದಿನದು.

ವಾಸ್ಕೋ ಪಾಟೀಲ
ನನಗೂ ಇದೇ ಕಾಟ! ಗುರುತೇ ಇಲ್ಲದವರು ನನ್ನನ್ನು ಕ್ರಿಪ್ಟೋ ಗ್ರೂಪಿಗೆ ಸೇರಿಸ್ತಾರೆ. ಹೊರಗೆ ಬಂದರೆ ಇನ್ನೊಂದು ಗ್ರೂಪು. ನಾನು ಅಡ್ಮಿನ್ ಆದರೆ ನಿಲ್ಲುತ್ತಾ?

ಡೊಂಬಿವಲಿ ಮಾಸ್ತರ
ಪಾಟೀಲರೇ, ನಿಮ್ಮದು ಬೇರೆ ಕಥೆ. ಅದು ನಿಮ್ಮ ಫೋನಿನ ಸೆಟ್ಟಿಂಗು. "Privacy" ಒಳಗೆ "Groups" ಇದೆ. ಅಲ್ಲಿ "Everyone" ಇದ್ದರೆ "My contacts" ಮಾಡಿ. ಆಮೇಲೆ ಗುರುತಿಲ್ಲದವರು ನೇರ ಸೇರಿಸೋಕಾಗಲ್ಲ, ಆಹ್ವಾನ ಕಳಿಸಬೇಕು. ನೀವು ಮೂರು ದಿನ ಸುಮ್ನೆ ಇದ್ದರೆ ಅದು ತಾನಾಗೇ ರದ್ದು.

ನಿಗಡಿಯವ
ಮಾಸ್ತರೇ, ನೋಡಿದೆ. ಹತ್ತರಲ್ಲಿ ಎಂಟು ಜನ ಲಿಂಕಿನಿಂದ ಬಂದವರೇ. ಈಗ ನೆನಪಾಯ್ತು. ರಾಜ್ಯೋತ್ಸವದ ಪೋಸ್ಟರಿನಲ್ಲಿ ಗ್ರೂಪಿನ ಕ್ಯೂಆರ್ ಕೋಡ್ ಹಾಕಿದ್ವಿ. ಖಾನಾವಳಿ ಗೋಡೆ, ದೇವಸ್ಥಾನದ ಫಲಕ, ಫೇಸ್‌ಬುಕ್ಕು, ಎಲ್ಲ ಕಡೆ ಇದೆ. ಆದರೆ ಸೇರಿಸೋದನ್ನೇ ಬಂದ್ ಮಾಡಿದ ಮೇಲೆ ಲಿಂಕೂ ಬಂದ್ ಆಗಬೇಕಲ್ವಾ?

ಡೊಂಬಿವಲಿ ಮಾಸ್ತರ
ಆಗಲ್ಲ. ಎಲ್ಲರೂ ಎಡವುವುದು ಇಲ್ಲೇ. "Add other members" ಅಂದರೆ ಒಬ್ಬ ಸದಸ್ಯ ತನ್ನ ಕೈಯಾರೆ ಇನ್ನೊಬ್ಬನನ್ನು ತಂದು ಕೂರಿಸುವ ಹಕ್ಕು. ಲಿಂಕು ಬೇರೆ ಬಾಗಿಲು. ಅದು ಯಾರ ಕೈಲಿದೆಯೋ ಅವರು ಒಳಗೆ ಬರ್ತಾರೆ. ಕ್ಯೂಆರ್ ಕೋಡ್ ಅಂದರೂ ಅದೇ ಲಿಂಕು, ಚಿತ್ರದ ರೂಪದಲ್ಲಿ ಅಷ್ಟೇ.

ಮೊದಲು ಗ್ರೂಪಿನ ಲಿಂಕ್ ತೆರೆದು "Reset link" ಒತ್ತಿ. ಹಳೆಯ ಲಿಂಕು ಆ ಕ್ಷಣಕ್ಕೇ ಸತ್ತಂತೆ. ಒಳಗಿದ್ದವರು ಒಳಗೇ ಇರ್ತಾರೆ, ಹೆದರಬೇಡಿ. ಖಾನಾವಳಿ ಗೋಡೆಯ ಪೋಸ್ಟರು ಮಾತ್ರ ಕೆಲಸಕ್ಕೆ ಬರಲ್ಲ, ಹರಿದು ಹಾಕಿ. ಆಮೇಲೆ "Group permissions" ಒಳಗೆ "Approve new members" ಆನ್ ಮಾಡಿ. ಇನ್ನು ಮುಂದೆ ಹೊಸ ಲಿಂಕು ಸೋರಿದರೂ ಒತ್ತಿದವರು ಬಾಗಿಲ ಹೊರಗೆ ಕಾಯ್ತಾರೆ. ಅಡ್ಮಿನ್ ಒಪ್ಪಿದರೆ ಮಾತ್ರ ಒಳಗೆ. ಒಪ್ಪುವ ಮೊದಲು ಯಾವೂರು, ಯಾರ ಪರಿಚಯ ಅಂತ ಒಂದು ಮೆಸೇಜು ಹಾಕಿ ಕೇಳಿ. ನಿಜವಾದ ಕನ್ನಡಿಗ ಎರಡು ನಿಮಿಷದಲ್ಲಿ ಊರ ಪುರಾಣವನ್ನೇ ಹೇಳ್ತಾನೆ.

ಅಡ್ಮಿನ್ ಒಮ್ಮೆ ತೆಗೆದು ಹಾಕಿದ ನಂಬರ್ ಲಿಂಕ್ ಒತ್ತಿ ಮತ್ತೆ ಬರೋಕಾಗಲ್ಲ. ಆದರೆ ಇವರ ಹತ್ತಿರ ಸಿಮ್ಮಿಗೇನು ಬರ? ನಿಮಗೆ ಮರುದಿನ ಕಾಣುವ ಇನ್ನಿಬ್ಬರು ಹೊಸ ನಂಬರಿನ ಅದೇ ಗಿರಾಕಿಗಳು ಇರಬಹುದು.

ಠಾಣೆ ಎಕ್ಸ್‌ಪ್ರೆಸ್
ಅದೆಲ್ಲ ಸರಿ. ಆದರೆ ಅವರ ಮೋಸಕ್ಕೆ ಅಡ್ಮಿನ್ ಮೇಲೆ ಕೇಸ್ ಆಗುತ್ತೆ, ನೆನಪಿರಲಿ. ಅದಕ್ಕೇ ನಾನು ಎಲ್ಲ ಗ್ರೂಪಿನಲ್ಲೂ ಅಡ್ಮಿನ್ ಬಿಟ್ಟುಬಿಟ್ಟೆ.

ಡೊಂಬಿವಲಿ ಮಾಸ್ತರ
ಅಷ್ಟು ಹೆದರುವಂಥದ್ದಲ್ಲ. ಗೊಂದಿಯಾದ ಒಂದು ಪ್ರಕರಣದಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಇದನ್ನೇ ವಿಚಾರಿಸಿತು. ಸದಸ್ಯನೊಬ್ಬ ಕೆಟ್ಟದ್ದು ಬರೆದರೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಅವನನ್ನು ಹೊಣೆ ಮಾಡೋಕಾಗಲ್ಲ, ಇಬ್ಬರದ್ದೂ ಒಂದೇ ಉದ್ದೇಶ ಅಥವಾ ಮೊದಲೇ ಮಾಡಿಕೊಂಡ ಯೋಜನೆ ಇರಬೇಕು ಅಂತ ಹೇಳಿತು. ಹಾಗಂತ ಮೋಸದ ಮೆಸೇಜನ್ನು ಬಿಟ್ಟು ಕೂರಬೇಡಿ. ಅಡ್ಮಿನ್ ಯಾರ ಮೆಸೇಜನ್ನಾದರೂ ಎಲ್ಲರಿಗೂ ಅಳಿಸಬಹುದು. ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡಿ.

ನಿಗಡಿಯವ
ನಾಲ್ಕು ದಿನ ಆಯ್ತು. ಲಿಂಕ್ ಬದಲಾಯಿಸಿದೆ, ಒಪ್ಪಿಗೆ ಆನ್ ಮಾಡಿದೆ. 23 ಜನ ಕಾಯ್ತಾ ಇದ್ದರು, ಕೇಳಿದಾಗ ಉತ್ತರ ಕೊಟ್ಟವರು ಆರು ಜನ. ಆದರೆ ನಿನ್ನೆ ಮತ್ತೊಬ್ಬ ಟಿಪ್ಸಿನವ ಒಳಗೆ! ಈ ಸಲ ಸಾಲಿನಲ್ಲಿ "added" ಅಂತಲೇ ಇದೆ. ಸೇರಿಸಿದವರು ನಮ್ಮ ಕಾಕಾ. ಗ್ರೂಪ್ ಶುರು ಮಾಡಿದ್ದೇ ಅವರು. ರಿಟೈರ್ ಆಗಿ ಗದಗಿಗೆ ಹೋಗಿದ್ದಾರೆ. ಕೇಳಿದರೆ "ಪಾಪ, ನನ್ನನ್ನೂ ಸೇರಿಸಿ ಸರ್ ಅಂತ ಮೆಸೇಜ್ ಮಾಡಿದ, ಸೇರಿಸಿದೆ" ಅಂದರು.

ಡೊಂಬಿವಲಿ ಮಾಸ್ತರ
ಅಡ್ಮಿನ್ ತಾನೇ ಸೇರಿಸಿದರೆ ಯಾವ ಒಪ್ಪಿಗೆಯೂ ಬೇಕಿಲ್ಲ, ನೇರ ಒಳಗೆ. ಒಟ್ಟು ಎಷ್ಟು ಅಡ್ಮಿನ್ ಇದ್ದೀರಿ?

ನಿಗಡಿಯವ
ಹನ್ನೊಂದು. ಪ್ರತಿ ಕಾರ್ಯಕ್ರಮಕ್ಕೂ ಇಬ್ಬರನ್ನು ಮಾಡ್ತಾ ಬಂದ್ವಿ, ಇಳಿಸಲೇ ಇಲ್ಲ.

ಡೊಂಬಿವಲಿ ಮಾಸ್ತರ
ಹನ್ನೊಂದು ಕೀಲಿಕೈ ಅಂದ ಹಾಗೆ ಆಯ್ತು. ದಿನಾ ಗ್ರೂಪ್ ನೋಡುವ ಮೂರ್ನಾಲ್ಕು ಜನ ಸಾಕು. ಉಳಿದವರ ಹೆಸರು ಒತ್ತಿ "Dismiss as admin" ಮಾಡಿ. ಅವರು ಗ್ರೂಪಿನಲ್ಲಿ ಸದಸ್ಯರಾಗೇ ಇರ್ತಾರೆ. ಮಾಡುವ ಮುಂಚೆ ಒಂದು ಫೋನ್ ಮಾಡಿ ತಿಳಿಸಿ, ಇಲ್ಲಾಂದ್ರೆ ಮುನಿಸು ಖಾತ್ರಿ. ಬೇಗ ಮಾಡಿ, ಯಾಕಂದ್ರೆ ನೀವು ಅವರನ್ನು ಇಳಿಸುವ ಹಾಗೆ ಅವರೂ ನಿಮ್ಮನ್ನು ಇಳಿಸಬಹುದು.

ಕಾಕಾ ಮಾತ್ರ ಹಾಗಲ್ಲ. ಗ್ರೂಪ್ ಶುರು ಮಾಡಿದವರನ್ನು ಯಾವ ಅಡ್ಮಿನ್ನೂ ತೆಗೆಯೋಕಾಗಲ್ಲ. ತಾವಾಗಿ ಹೊರಗೆ ಹೋಗುವ ತನಕ ಅವರು ಅಡ್ಮಿನ್ನೇ. ಹೋದ ಮೇಲೆ ನೀವು ಸಾಮಾನ್ಯ ಸದಸ್ಯರಾಗಿ ಮತ್ತೆ ಸೇರಿಸಿಕೊಳ್ಳಬಹುದು.

ಚಿಂಚ್‌ವಡದ ಅಕ್ಕ
ಗ್ರೂಪ್ ಕಟ್ಟಿದವರಿಗೆ "ಒಂದ್ಸಲ ಹೊರಗೆ ಹೋಗಿ ಬನ್ನಿ" ಅಂತ ಯಾರು ಹೇಳ್ತೀರಪ್ಪಾ? ಬೇಡವೇ ಬೇಡ. ಯಾರೇ ಕೇಳಿದರೂ ಲಿಂಕ್ ಕಳಿಸಿ ಅಂತ ಕಾಕಾನಿಗೆ ಹೇಳಿಕೊಡಿ. ಅವರು ಯಾರಿಗೂ ಇಲ್ಲ ಅನ್ನಬೇಕಾಗಿಲ್ಲ, ಬಂದವರು ಬಾಗಿಲಲ್ಲಿ ಕಾಯ್ತಾರೆ, ಒಪ್ಪುವುದು ನೀವು.

ಡೊಂಬಿವಲಿ ಮಾಸ್ತರ
ಅಕ್ಕಾ, ಇದು ನನಗೆ ಹೊಳೆದೇ ಇರಲಿಲ್ಲ. ಆದರೆ ಕಾಕಾ ಮರೆತು ಮತ್ತೆ ಸೇರಿಸಿದರೆ ತಡೆಯುವ ಸೆಟ್ಟಿಂಗ್ ಯಾವುದೂ ಇಲ್ಲ, ಅದು ಗೊತ್ತಿರಲಿ.

ನಿಗಡಿಯವ
ಏಳು ಜನರನ್ನು ಇಳಿಸಿದೆ, ಈಗ ನಾಲ್ವರಿದ್ದೇವೆ. ಒಬ್ಬರು ಮುನಿಸಿಕೊಂಡು ಗ್ರೂಪನ್ನೇ ಬಿಟ್ಟರು. ಕಾಕಾನಿಗೆ ಇವತ್ತು ವಿಡಿಯೋ ಕಾಲ್ ಮಾಡಿ ಲಿಂಕ್ ಕಳಿಸುವುದನ್ನು ಕಲಿಸಿದೆ. "ಹಂಗಾರ ನಾ ಸೇರಿಸೂದು ಬ್ಯಾಡೇನು?" ಅಂದರು. ಏನು ಹೇಳಬೇಕೋ ತಿಳಿಯದೆ ಊಟ ಆಯ್ತಾ ಅಂತ ಕೇಳಿದೆ.

ವಾಸ್ಕೋ ಪಾಟೀಲ
"My contacts" ಮಾಡಿದೆ. ಕ್ರಿಪ್ಟೋ ನಿಂತಿತು. ಈಗ ನಮ್ಮ ಮಾವನೇ ದಿನಾ ಹೊಸ ಗ್ರೂಪಿಗೆ ಸೇರಿಸ್ತಾರೆ. ಅದಕ್ಕೇನಾದರೂ ಇದೆಯಾ?